ಬೀಳ್ಕೊಡುಗೆಯ ಫೋಟೋ ಸ್ಲೈಡ್‌ಶೋ: ಓದುವಷ್ಟರಲ್ಲಿ ಬರಹ ಮಾಯ! ಒಂದು ಫೋಟೋಗೆ ಎಷ್ಟು ಸೆಕೆಂಡು ಇಡಬೇಕು?

ವಿದ್ಯಾನಗರದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಒಂದು ಸರ್ಕಾರಿ ಕಚೇರಿಯಲ್ಲಿ ಎಸ್‌ಡಿಎ. ನಮ್ಮ ಮ್ಯಾನೇಜರ್ ಮೇಡಂ ಮೇ 31ಕ್ಕೆ ನಿವೃತ್ತರಾಗುತ್ತಿದ್ದಾರೆ. ಅವತ್ತು ಭಾನುವಾರ, ಅದಕ್ಕೆ ಶನಿವಾರ 30ಕ್ಕೇ ಸಮಾರಂಭ. ಆಫೀಸಿನಲ್ಲಿ ನಾನೇ ಚಿಕ್ಕವಳು, ಮೊಬೈಲ್ ಚೆನ್ನಾಗಿ ಬರುತ್ತೆ ಅಂತ ಸ್ಲೈಡ್‌ಶೋ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ.

ಮೇಡಂ ಮನೆಯವರು ಗುಟ್ಟಾಗಿ ಒಂದು ಚೀಲ ಆಲ್ಬಮ್ ಕೊಟ್ಟರು. ಅದರಲ್ಲಿ 120 ಫೋಟೋ ಆರಿಸಿ, ಮೊಬೈಲ್ ಆಪ್‌ನಲ್ಲಿ ಜೋಡಿಸಿ, ನಾಲ್ಕೂವರೆ ನಿಮಿಷದ ಒಂದು ಹಾಡು ಹಾಕಿದೆ. ಪ್ರತಿ ಫೋಟೋ ಕೆಳಗೆ ಎರಡು ಮೂರು ಸಾಲು ಬರೆದಿದ್ದೇನೆ. ಒಂದು ವಾರ ಕೂತು ಬರೆದದ್ದು. ನಿನ್ನೆ ಮನೆಯಲ್ಲಿ ಟಿವಿಗೆ ಹಾಕಿ ಅಮ್ಮನಿಗೆ ತೋರಿಸಿದರೆ, "ಏನೋ ಬರೆದಿತ್ತು ಕಣೇ, ಓದೋಷ್ಟರಲ್ಲಿ ಹೋಯ್ತು" ಅಂದರು. ಆಮೇಲೆ ಅರ್ಧಕ್ಕೇ ಎದ್ದು ಒಗ್ಗರಣೆ ಹಾಕಲು ಹೋದರು.

ಸರಿಯಾಗಿ ಎಷ್ಟು ಸೆಕೆಂಡು ಇಡಬೇಕು? ಬರಹ ಎಷ್ಟಿರಬೇಕು? ಇನ್ನು ಎಂಟು ದಿನ ಇದೆ.

ಮಂಡಕ್ಕಿ ಮಿರ್ಚಿ

5 ಸೆಕೆಂಡು. ಪವರ್‌ಪಾಯಿಂಟ್‌ನಲ್ಲಿ ವಿಡಿಯೋ ಮಾಡಲು ಹೋದರೆ ಅದೇ ತಾನಾಗಿ 5 ಸೆಕೆಂಡು ಅಂತ ತೋರಿಸುತ್ತೆ. ಅವರು ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ ಅಲ್ವಾ. ಎಲ್ಲಕ್ಕೂ 5 ಹಾಕಿ, ಮುಗೀತು.

ಕುಂದವಾಡ ಕೆರೆ ವಾಕರ್

120 × 5 = 600. ಹತ್ತು ನಿಮಿಷ. ಅದರ ಮೇಲೆ ಭಾಷಣಗಳು. ಊಟ ಎಷ್ಟು ಗಂಟೆಗೆ?

ದುರ್ಗದ ಮಿಕ್ಸಿಂಗ್ ರೂಮ್

ನಾನು ಚಿತ್ರದುರ್ಗದಲ್ಲಿ ಮದುವೆ, ಸಮಾರಂಭದ ವಿಡಿಯೋ ಎಡಿಟಿಂಗ್ ಮಾಡುವವನು. ಇಂಥ ಬೀಳ್ಕೊಡುಗೆ ವಿಡಿಯೋ ತಿಂಗಳಿಗೆ ಒಂದೆರಡು ಬರುತ್ತವೆ. ಮೇ ತಿಂಗಳಲ್ಲಿ ಮಾತ್ರ ಸಾಲುಗಟ್ಟಿ ಬರುತ್ತವೆ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ನಿಮ್ಮ ಲೆಕ್ಕ ನೋಡಿ. ನಾಲ್ಕೂವರೆ ನಿಮಿಷ ಅಂದರೆ 270 ಸೆಕೆಂಡು. 120 ಫೋಟೋಗೆ ಹಂಚಿದರೆ ಒಂದಕ್ಕೆ ಎರಡೂಕಾಲು ಸೆಕೆಂಡು. ಆ ಆಪ್‌ಗಳು ಕೇಳದೆಯೇ ಒಂದು ಫೋಟೋ ಕರಗಿ ಇನ್ನೊಂದು ಮೂಡುವ ಹಾಗೆ ಫೇಡ್ ಹಾಕುತ್ತವೆ. ಬರುವಾಗ ಅರ್ಧ ಸೆಕೆಂಡು ಮಸುಕು, ಹೋಗುವಾಗ ಅರ್ಧ ಸೆಕೆಂಡು ಮಸುಕು ಅಂತ ಹಿಡಿದರೂ ಬರಹ ಸ್ಪಷ್ಟವಾಗಿ ನಿಲ್ಲುವುದು ಒಂದೂಕಾಲು ಸೆಕೆಂಡು ಮಾತ್ರ. ಅಷ್ಟರಲ್ಲಿ ಮೂರು ಸಾಲು ಯಾರೂ ಓದಲಾರರು. ನಿಮ್ಮ ಅಮ್ಮ ಒಗ್ಗರಣೆಗೆ ಹೋದದ್ದು ಸರಿಯಾಗೇ ಇದೆ.

ಎಲ್ಲಕ್ಕೂ 5 ಅನ್ನುವುದೂ ಅರ್ಧ ಮಾತ್ರ ಸರಿ. ಬರಹ ಇಲ್ಲದ ಒಬ್ಬರ ಫೋಟೋಗೆ 5 ಸೆಕೆಂಡು ಸ್ವಲ್ಪ ಜಾಸ್ತಿಯೇ, ಬರಹ ಇರುವುದಕ್ಕೆ ಕಡಿಮೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಒಂದು ಬರಹ ಇಲ್ಲಿ ಹಾಕಿ, ನೋಡೋಣ.

ವಿದ್ಯಾನಗರದ ಹುಡುಗಿ

ಮೊದಲನೇ ಫೋಟೋದ್ದು ಇದು ಸರ್:

"1992ನೇ ಇಸವಿಯಲ್ಲಿ ದಾವಣಗೆರೆ ಜಿಲ್ಲೆಯ ಜಗಳೂರಿನ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕರಾಗಿ ಸೇವೆಗೆ ಸೇರಿದ ಸಂದರ್ಭದಲ್ಲಿ ಸಹೋದ್ಯೋಗಿಗಳೊಂದಿಗೆ ತೆಗೆಸಿಕೊಂಡ ಭಾವಚಿತ್ರ"

ಹೊಳಲ್ಕೆರೆ ಮೇಷ್ಟ್ರು

ಅಮ್ಮಾ, ಓದುವ ಸಮಯ ಆಮೇಲಿರಲಿ. 1992ರಲ್ಲಿ ದಾವಣಗೆರೆ ಜಿಲ್ಲೆಯೇ ಇರಲಿಲ್ಲ! ಜಿಲ್ಲೆ ಆದದ್ದು 1997ರಲ್ಲಿ. ಆಗ ಜಗಳೂರು ನಮ್ಮ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಸಮಾರಂಭದಲ್ಲಿ ಹಳಬರು ಯಾರಾದರೂ ಕೂತಿದ್ದರೆ ಅಲ್ಲೇ ಎದ್ದು ಹೇಳುತ್ತಾರೆ.

ಕುಂದವಾಡ ಕೆರೆ ವಾಕರ್

ಮೇಷ್ಟ್ರೇ, ದಾವಣಗೆರೆಯನ್ನು ಕೊಟ್ಟು ಇಷ್ಟು ವರ್ಷ ಆಯಿತು, ಇನ್ನೂ ಬಿಡಲ್ಲ ನೀವು 😄

ಹೊಳಲ್ಕೆರೆ ಮೇಷ್ಟ್ರು

ಕೊಟ್ಟಿಲ್ಲ, ನೀವೇ ಹೋದದ್ದು. ಬೆಣ್ಣೆ ದೋಸೆಯನ್ನೂ ಜೊತೆಗೆ ಒಯ್ದಿರಿ.

ದುರ್ಗದ ಮಿಕ್ಸಿಂಗ್ ರೂಮ್

ಮೇಷ್ಟ್ರು ಹೇಳಿದ್ದು ಸರಿ, ಆದರೆ ಜಿಲ್ಲೆಯ ಹೆಸರೇ ಬೇಡ. ಅಲ್ಲಿ ಕೂತವರಿಗೆಲ್ಲ ಜಗಳೂರು ಗೊತ್ತು.

ಈಗ ಆ ಬರಹವನ್ನು ಗಟ್ಟಿಯಾಗಿ ಓದಿ, ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಇಟ್ಟುಕೊಳ್ಳಿ. ಓಡಿಸಬೇಡಿ, ಮನೆಯಲ್ಲಿ ಅಜ್ಜಿಗೆ ಪೇಪರ್ ಓದಿ ಹೇಳುವ ಹಾಗೆ ಓದಿ. ನನಗೆ ಹನ್ನೆರಡು ಸೆಕೆಂಡು ಆಯಿತು. ಇದರ ಮೇಲೆ ಎರಡು ಸೆಕೆಂಡು ಸೇರಿಸಬೇಕು, ಯಾಕಂದರೆ ಫೋಟೋ ಬಂದ ತಕ್ಷಣ ಯಾರೂ ಬರಹ ನೋಡುವುದಿಲ್ಲ. ಕಣ್ಣು ಮೊದಲು ಮುಖಕ್ಕೆ ಹೋಗುತ್ತೆ. "ಅಯ್ಯೋ, ಮೇಡಂ ಎಷ್ಟು ಸಣ್ಣಗಿದ್ದರು" ಅಂತ ಪಕ್ಕದವರಿಗೆ ಹೇಳಿ, ಆಮೇಲೆ ಕೆಳಗಿನ ಅಕ್ಷರಕ್ಕೆ ಬರುತ್ತಾರೆ. ಅಂದರೆ ಈ ಒಂದೇ ಫೋಟೋಗೆ ಹದಿನಾಲ್ಕು ಸೆಕೆಂಡು. ಅಷ್ಟು ಹೊತ್ತು ಒಂದು ಫೋಟೋ ನಿಂತರೆ ಜನ ವಿಡಿಯೋ ಸಿಕ್ಕಿಹಾಕಿಕೊಂಡಿತು ಅಂದುಕೊಳ್ಳುತ್ತಾರೆ.

ಹಾಗಾಗಿ ಸೆಕೆಂಡು ಹೆಚ್ಚಿಸಲು ಹೋಗಬೇಡಿ, ಬರಹ ಕತ್ತರಿಸಿ. ಕಣ್ಣಿಗೆ ಕಾಣುವುದನ್ನು ಬರೆಯಬೇಡಿ. "ಭಾವಚಿತ್ರ" ಅಂತ ಹೇಳಬೇಕಿಲ್ಲ, ಅದು ಫೋಟೋ ಅಂತ ಕಾಣುತ್ತೆ. "ಸಹೋದ್ಯೋಗಿಗಳೊಂದಿಗೆ" ಅನ್ನುವುದೂ ಕಾಣುತ್ತೆ. "ಸಂದರ್ಭದಲ್ಲಿ" ಅನ್ನುವುದು ಆಹ್ವಾನ ಪತ್ರಿಕೆಯಿಂದ ಅಂಟಿಕೊಂಡು ಬಂದದ್ದು. ಉಳಿಯುವುದು ಇಷ್ಟು:

ಜಗಳೂರು, 1992
ಕೆಲಸಕ್ಕೆ ಸೇರಿದ ವಾರ

ಓದಲು ಮೂರು ಸೆಕೆಂಡು ಚಿಲ್ಲರೆ. ಎರಡು ಸೇರಿಸಿ, ಫೇಡ್‌ಗೆ ಒಂದು ಸೇರಿಸಿ. ಏಳಕ್ಕೆ ಇಟ್ಟರೆ ಆರಾಮ.

ಜಯದೇವ ಸರ್ಕಲ್

"ಓದಿ ನೋಡಿ" ಅನ್ನುವುದರಲ್ಲಿ ಒಂದು ಗೊಂದಲ ಇದೆ. 1992 ಅನ್ನುವುದನ್ನು ಗಟ್ಟಿಯಾಗಿ ಓದಿದರೆ "ಸಾವಿರದ ಒಂಬೈನೂರ ತೊಂಬತ್ತೆರಡು", ಅದಕ್ಕೇ ಎರಡು ಸೆಕೆಂಡು ಮೇಲೆ ಹೋಗುತ್ತೆ. ಕಣ್ಣಿಗಾದರೆ ಒಂದೇ ನೋಟ. ಹಾಗಾದರೆ ಲೆಕ್ಕ ತಪ್ಪಲ್ವಾ?

ದುರ್ಗದ ಮಿಕ್ಸಿಂಗ್ ರೂಮ್

ಒಳ್ಳೆಯ ಪ್ರಶ್ನೆ. ಇಸವಿಯನ್ನು "ತೊಂಬತ್ತೆರಡು" ಅಂತ ಮಾತ್ರ ಓದಿಕೊಳ್ಳಿ. ಮನಸ್ಸಿನಲ್ಲಿ ಓದುವವರು ಗಟ್ಟಿ ಓದಿಗಿಂತ ವೇಗ, ಅದು ನಿಜ. ಆದರೆ ನಾವು ಅಳೆಯುತ್ತಿರುವುದು ಎಲ್ಲರಿಗಿಂತ ನಿಧಾನ ಓದುವವರಿಗಾಗಿ. ಆಫೀಸಿನ ಹುಡುಗರಿಗೆ ಒಂದೆರಡು ಸೆಕೆಂಡು ಮಿಕ್ಕಿದರೆ ನಷ್ಟ ಇಲ್ಲ, ಫೋಟೋ ನೋಡುತ್ತಾರೆ. ಓದಿ ಮುಗಿಯದವರಿಗೆ ಮಾತ್ರ ಬೇಜಾರು. ಮುಂದಿನ ಫೋಟೋದ ಬರಹವನ್ನೂ ತಡವಾಗಿ ಶುರು ಮಾಡುತ್ತಾರೆ, ಅದೂ ಅರ್ಧಕ್ಕೇ ಹೋಗುತ್ತೆ. ಮೂರನೆಯದಕ್ಕೆ ಓದುವುದನ್ನೇ ಬಿಡುತ್ತಾರೆ.

ಸಿನಿಮಾ ಸಬ್‌ಟೈಟಲ್ ಮಾಡುವವರಲ್ಲಿ ಹಳೆಯದೊಂದು ಅಂದಾಜಿದೆ, ತುಂಬಿದ ಎರಡು ಸಾಲಿಗೆ ಆರು ಸೆಕೆಂಡು ಅಂತ. ಅದನ್ನು ಹಾಗೇ ನಂಬಬೇಡಿ. ಸಿನಿಮಾ ನೋಡುವವರು ಓದುವುದಕ್ಕೆ ಸಿದ್ಧವಾಗಿ, ಸುಮ್ನೆ ಕೂತಿರುತ್ತಾರೆ. ನಮ್ಮ ಸಭಾಂಗಣದಲ್ಲಿ ಒಬ್ಬರು ಕುರ್ಚಿ ಎಳೆಯುತ್ತಿರುತ್ತಾರೆ, ಇನ್ನೊಬ್ಬರು ಮಜ್ಜಿಗೆ ಹಂಚುತ್ತಿರುತ್ತಾರೆ.

ಮಂಡಕ್ಕಿ ಮಿರ್ಚಿ

ಇಂಗ್ಲಿಷ್‌ನಲ್ಲಿ ಒಂದು ನಿಮಿಷಕ್ಕೆ ಇಷ್ಟು ಪದ ಅಂತ ಲೆಕ್ಕ ಇರುತ್ತಲ್ಲ, ಪದ ಎಣಿಸಿ ಭಾಗಿಸಿದರೆ ಆಯ್ತಪ್ಪ. ಸ್ಟಾಪ್‌ವಾಚ್ ಯಾಕೆ?

ಹೊಳಲ್ಕೆರೆ ಮೇಷ್ಟ್ರು

ಕನ್ನಡದಲ್ಲಿ ಪದ ಎಣಿಸಿದರೆ ಮೋಸ ಹೋಗುತ್ತೀರಿ. "ಸಹೋದ್ಯೋಗಿಗಳೊಂದಿಗೆ" ಒಂದು ಪದ. "ಊರು" ಕೂಡ ಒಂದು ಪದ. ಎರಡಕ್ಕೂ ಒಂದೇ ಸಮಯ ಕೊಡುತ್ತೀರಾ? ನಮ್ಮದು ಪದಕ್ಕೆ ಪ್ರತ್ಯಯ ಅಂಟಿಸುತ್ತಾ ಹೋಗುವ ಭಾಷೆ. ಎಣಿಸಲೇಬೇಕು ಅಂದರೆ ಅಕ್ಷರ ಎಣಿಸಿ. ಮೇಲಿನವರು ಹೇಳಿದ ಹಾಗೆ ಬಾಯಲ್ಲಿ ಓದಿ ನೋಡುವುದು ಅದಕ್ಕಿಂತ ಸುಲಭ.

ನಾನು ನಿವೃತ್ತನಾದಾಗಲೂ ಹುಡುಗರು ಇಂಥದ್ದೇ ಒಂದು ಮಾಡಿದ್ದರು. ಕಣ್ಣಿನ ಪೊರೆ ಆಪರೇಷನ್ ಆಗಿ ಎರಡು ತಿಂಗಳಾಗಿತ್ತು. ಹಳದಿ ಅಕ್ಷರ, ಹಿಂದೆ ಬಿಳಿ ಗೋಡೆಯ ಫೋಟೋ. ಒಂದಕ್ಷರ ಕಾಣಲಿಲ್ಲ. ಕೊನೆಗೆ ನನ್ನ ಬಗ್ಗೆ ಏನು ಬರೆದಿದ್ದರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಹರಿಹರ ಪ್ಯಾಸೆಂಜರ್

ನಮ್ಮ ಅಪ್ಪನದ್ದಕ್ಕೆ ಪೆನ್‌ಡ್ರೈವ್ ಟಿವಿಯಲ್ಲಿ ಓಡಲೇ ಇಲ್ಲ. ನೀವು ಯಾವ ಪೆನ್‌ಡ್ರೈವ್ ಹಾಕುತ್ತಿದ್ದೀರಿ?

ಕುಂದವಾಡ ಕೆರೆ ವಾಕರ್

ಅವರು ಕೇಳಿದ್ದು ಸೆಕೆಂಡು, ನೀವು ಪೆನ್‌ಡ್ರೈವ್‌ಗೆ ಹೋದಿರಿ.

ಹರಿಹರ ಪ್ಯಾಸೆಂಜರ್

ಓಡದಿದ್ದರೆ ಸೆಕೆಂಡು ತೆಗೆದುಕೊಂಡು ಏನು ಮಾಡುವುದು ಸ್ವಾಮಿ? ಹಿಂದಿನ ದಿನವೇ ಅದೇ ಟಿವಿಗೆ ಹಾಕಿ ನೋಡಿ ಅಂತ ಹೇಳಲು ಬಂದೆ ಅಷ್ಟೇ.

ವಿದ್ಯಾನಗರದ ಹುಡುಗಿ

ಟಿವಿ ಅಲ್ಲ, ಪ್ರೊಜೆಕ್ಟರ್. ಬಾಡಿಗೆ ಹಾಲ್, ಪರದೆ ಆರಡಿ ಅಗಲ ಇದೆ. ಸುಮಾರು 150 ಜನ ಬರಬಹುದು.

ಮಿಕ್ಸಿಂಗ್ ರೂಮ್ ಅಣ್ಣ, ನೀವು ಹೇಳಿದ ಹಾಗೆ ಎಲ್ಲ ಬರಹ ಕತ್ತರಿಸಲು ಕೂತೆ. ಆದರೂ 120 ಫೋಟೋಗೆ ಏಳೇಳು ಸೆಕೆಂಡು ಅಂದರೆ 14 ನಿಮಿಷ ಆಗುತ್ತೆ. ನನಗೆ ಕೊಟ್ಟಿರುವುದೇ 5 ನಿಮಿಷ. ಯಾವುದನ್ನು ಬಿಡಲಿ? ಒಂದು ಬಿಟ್ಟರೆ ಅದರಲ್ಲಿರುವವರು ಬೇಜಾರು ಮಾಡಿಕೊಳ್ಳುತ್ತಾರೆ.

ದುರ್ಗದ ಮಿಕ್ಸಿಂಗ್ ರೂಮ್

ತಂಗಿ, ಎಲ್ಲ ಫೋಟೋಗೂ ಬರಹ ಬೇಕು ಅಂತ ಯಾರು ಹೇಳಿದರು? ಫೋಟೋಗಳನ್ನು ಮೂರು ರಾಶಿ ಮಾಡಿ.

ಒಂದು ರಾಶಿಗೆ ಬರಹ ಬೇಕು. ಊರು ಬದಲಾದಾಗ, ಬಡ್ತಿ ಆದಾಗ, ನೋಡಿದರೆ ಅರ್ಥವಾಗದ ಹಾಸ್ಯದ ಫೋಟೋ ಬಂದಾಗ ಮಾತ್ರ. ಜಗಳೂರಿನ ಆರು ಫೋಟೋ ಇದ್ದರೆ ಮೊದಲನೆಯದಕ್ಕೆ ಬರಹ ಸಾಕು. ಮುಂದಿನ ಊರಿನ ಹೆಸರು ಬರುವವರೆಗೂ ಜನ ಜಗಳೂರಲ್ಲೇ ಇರುತ್ತಾರೆ.

ಎರಡನೇ ರಾಶಿ ಗುಂಪು ಫೋಟೋ. ಇದನ್ನು ಎಲ್ಲರೂ ತಪ್ಪು ಮಾಡುತ್ತಾರೆ, ಬರಹ ಇಲ್ಲವಲ್ಲ ಅಂತ ಮೂರು ಸೆಕೆಂಡಿಗೆ ಓಡಿಸುತ್ತಾರೆ. ಇಪ್ಪತ್ತೈದು ಜನ ನಿಂತ ಫೋಟೋ ಬಂದರೆ ಹಾಲ್‌ನಲ್ಲಿರುವ ಪ್ರತಿಯೊಬ್ಬರೂ ಮೊದಲು ತಮ್ಮನ್ನು ಹುಡುಕುತ್ತಾರೆ. ಸಿಕ್ಕ ಮೇಲೆ ಪಕ್ಕದವರಿಗೆ ತೋರಿಸುತ್ತಾರೆ. ಆಮೇಲೇ ಮೇಡಂ ಎಲ್ಲಿ ಅಂತ ನೋಡುವುದು. ಅದಕ್ಕೆ ಎಂಟು ಸೆಕೆಂಡು ಬೇಕು. ಬರಹ ಹಾಕಲೇಬೇಡಿ, ಎರಡು ಕೆಲಸ ಒಟ್ಟಿಗೆ ಆಗುವುದಿಲ್ಲ. ಬೇಜಾರು ಮಾಡಿಕೊಳ್ಳುವವರನ್ನೂ ಇಂಥ ಫೋಟೋದಲ್ಲೇ ಸೇರಿಸಿಬಿಡಬಹುದು.

ಮೂರನೆಯದು ಒಬ್ಬರು ಇಬ್ಬರು ಇರುವ ಫೋಟೋ, ಬರಹ ಇಲ್ಲ, ನಾಲ್ಕು ಸೆಕೆಂಡು.

ನಿಮ್ಮ 270 ಸೆಕೆಂಡಿನ ಹಾಡಿಗೆ ಕೂರಿಸೋಣ. ಬರಹ ಇರುವುದು 18, ಏಳರಂತೆ 126. ಗುಂಪು 6, ಎಂಟರಂತೆ 48. ಉಳಿದದ್ದು 24, ನಾಲ್ಕರಂತೆ 96. ಕೂಡಿಸಿ, ಸರಿಯಾಗಿ 270. ಒಟ್ಟು 48 ಫೋಟೋ. ಒಂದು ಎಚ್ಚರ, ನಿಮ್ಮ ಆಪ್‌ನಲ್ಲಿ ಫೇಡ್ ಇದ್ದರೆ ಎರಡು ಫೋಟೋ ಒಂದರ ಮೇಲೊಂದು ಏರುತ್ತವೆ. ಒಂದು ಸೆಕೆಂಡಿನ ಫೇಡ್ 47 ಕಡೆ ಅಂದರೆ ವಿಡಿಯೋ 47 ಸೆಕೆಂಡು ಮೊದಲೇ ಮುಗಿದು, ಹಾಡು ಕಪ್ಪು ಪರದೆಯ ಮೇಲೆ ಹಾಡುತ್ತಿರುತ್ತೆ. ಫೇಡ್ ತೆಗೆದು ನೇರ ಕಟ್ ಮಾಡಿ. ಊರು ಬದಲಾಗುವ ನಾಲ್ಕೈದು ಕಡೆ ಮಾತ್ರ ಫೇಡ್ ಇರಲಿ. ಆ ನಾಲ್ಕೈದು ಸೆಕೆಂಡನ್ನು ಮೇಡಂ ಅವರ ಕೊನೆಯ ಫೋಟೋಗೆ ಸೇರಿಸಿ.

ಮಂಡಕ್ಕಿ ಮಿರ್ಚಿ

ಹಾಗೆ ಬೇರೆ ಬೇರೆ ಸೆಕೆಂಡು ಇಟ್ಟರೆ ಹಾಡಿನ ತಾಳಕ್ಕೆ ಕೂರಲ್ಲ. ತಾಳ ಬಿದ್ದಾಗ ಫೋಟೋ ಬದಲಾಗಬೇಕು, ಆಗಲೇ ಮಜಾ.

ದುರ್ಗದ ಮಿಕ್ಸಿಂಗ್ ರೂಮ್

ಇದು ಮಾತ್ರ ಒಪ್ಪುತ್ತೇನೆ, ಅರ್ಧ. ಬರಹ ಇಲ್ಲದ ಫೋಟೋಗಳನ್ನು ಅರ್ಧ ಸೆಕೆಂಡು ಆಚೆ ಈಚೆ ಮಾಡಿ ತಾಳಕ್ಕೆ ಕೂರಿಸಬಹುದು. ಬರಹ ಇರುವುದಕ್ಕೆ ಕೈ ಹಾಕಬೇಡಿ.

ಸಿರಿಗೆರೆ ಕ್ರಾಸ್

ಯಾರೂ ಹೇಳದ ಒಂದು ವಿಷಯ. ಬರಹ ಕೆಳಗೆ ಹಾಕಿದ್ದೀರಿ ಅಂದಿರಿ. ಬಾಡಿಗೆ ಹಾಲ್‌ಗಳ ನೆಲ ಸಮತಟ್ಟು. ಪರದೆಯ ಕೆಳಭಾಗ ಮುಂದಿನವರ ತಲೆಗೆ ಅಡ್ಡ ಬರುತ್ತೆ. ವೇದಿಕೆಯ ಮೇಲೆ ಟೇಬಲ್, ದೀಪ, ಹೂವಿನ ಕುಂಡ ಬೇರೆ. ನಮ್ಮ ಅತ್ತಿಗೆಯ ಬೀಳ್ಕೊಡುಗೆಯಲ್ಲಿ ನಾನು ಕೊನೆಯ ಸಾಲಲ್ಲಿದ್ದೆ. ಪೂರಾ ಮೂರು ನಿಮಿಷ ಒಬ್ಬರ ಪೇಟ ನೋಡಿ ಬಂದೆ. ಬರಹ ಮೇಲೆ ಹಾಕಿ. ಅಲ್ಲಿ ಮುಖ ಇದ್ದರೆ ಪಕ್ಕಕ್ಕೆ ಹಾಕಿ, ಆದಷ್ಟು ಎಲ್ಲ ಫೋಟೋಗೂ ಒಂದೇ ಜಾಗದಲ್ಲಿ ಇರಲಿ. ಜಾಗ ಬದಲಾದರೆ ಹುಡುಕುವುದಕ್ಕೇ ಒಂದು ಸೆಕೆಂಡು ಹೋಗುತ್ತೆ.

ವಿದ್ಯಾನಗರದ ಹುಡುಗಿ

ಅಯ್ಯೋ ಹೌದಲ್ವಾ! ಮೊಬೈಲ್‌ನಲ್ಲಿ ನೋಡುತ್ತಾ ಇದು ಹೊಳೆಯಲೇ ಇಲ್ಲ. ಅಕ್ಷರದ ಗಾತ್ರ ಸಾಕಾ ಅಂತ ಮನೆಯಲ್ಲೇ ಗೊತ್ತು ಮಾಡಿಕೊಳ್ಳುವುದು ಹೇಗೆ? ಹಾಲ್ ಅದೇ ದಿನ ಬೆಳಿಗ್ಗೆ ಸಿಗುವುದು.

ಸಿರಿಗೆರೆ ಕ್ರಾಸ್

ಪರದೆ ಆರಡಿ ಅಗಲ ಅಂದಿರಿ. ಕೊನೆಯ ಸಾಲು ಮೂವತ್ತು ಅಡಿ ದೂರ ಅಂತ ಇಟ್ಟುಕೊಳ್ಳಿ. ಅಂದರೆ ಅಗಲದ ಐದು ಪಟ್ಟು. ನಿಮ್ಮ ಲ್ಯಾಪ್‌ಟಾಪ್ ಪರದೆ ಒಂದು ಅಡಿಗಿಂತ ಸ್ವಲ್ಪ ಜಾಸ್ತಿ ಅಗಲ ಇರುತ್ತೆ, ಅದರಿಂದ ಐದೂವರೆ ಅಡಿ ದೂರ ನಿಂತು ಓದಿ. ಕಷ್ಟ ಆದರೆ ಅಲ್ಲೂ ಕಷ್ಟ. ಹಾಲ್‌ನಲ್ಲಿ ಇನ್ನೂ ಕಷ್ಟ, ಯಾಕಂದರೆ ಹಗಲು ಬೆಳಕಿಗೆ ಪ್ರೊಜೆಕ್ಟರ್ ಮಂಕಾಗುತ್ತೆ. ಬಿಳಿ ಅಕ್ಷರದ ಹಿಂದೆ ಕಪ್ಪು ಪಟ್ಟಿ ಹಾಕಿ. ಮೇಷ್ಟ್ರ ಹಳದಿ ಅಕ್ಷರದ ಕಥೆ ಮತ್ತೆ ಆಗಬಾರದು.

ಜಯದೇವ ಸರ್ಕಲ್

ಕನ್ನಡಕ್ಕೆ ಇನ್ನೊಂದು. ಆ ಕಪ್ಪು ಪಟ್ಟಿಯ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಅಂತ ಮಾಡಿರುತ್ತಾರೆ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತೆ, ಪಟ್ಟಿಯಿಂದ ಆಚೆ ಬೀಳುತ್ತೆ. ಎರಡು ಸಾಲಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತೆ. ಸಾಲಿನ ನಡುವಿನ ಜಾಗ ಸ್ವಲ್ಪ ಜಾಸ್ತಿ ಮಾಡಿ. ಕೆಲವು ಆಪ್‌ಗಳಲ್ಲಿ ಒತ್ತಕ್ಷರವೇ ಒಡೆದು "ಅಮ್ಮ" ಹೋಗಿ "ಅಮ್‌ಮ" ಆಗುತ್ತೆ, ಅದನ್ನೂ ನೋಡಿಕೊಳ್ಳಿ.

ಹರಿಹರ ಪ್ಯಾಸೆಂಜರ್

ನುಡಿಯಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಹಾಕಿದರೆ ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತವೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಅಪ್ಪನ ಹೆಸರೇ ನಮಗೆ ಓದಲು ಆಗಲಿಲ್ಲ. (ಪೆನ್‌ಡ್ರೈವ್ ಕಥೆಯ ಎರಡನೇ ಭಾಗ ಇದು.)

ದುರ್ಗದ ಹುಡುಗಿ ಈಗ ಬೆಂಗಳೂರಲ್ಲಿ

ನಾನು ಸ್ವಲ್ಪ ಅಡ್ಡ ಮಾತಾಡುತ್ತೇನೆ, ಕ್ಷಮಿಸಿ. ಬರಹವೇ ಯಾಕೆ ಬೇಕು? ಹಾಡಿಗೂ ಸಾಹಿತ್ಯ ಇರುತ್ತೆ. ಕಿವಿಗೆ ಒಂದು ಮಾತು ಬೀಳುತ್ತಿರುವಾಗ ಕಣ್ಣಲ್ಲಿ ಇನ್ನೊಂದು ಓದುವುದು ನನಗಂತೂ ಆಗಲ್ಲ. ಮೇಡಂ ಜೊತೆ ಹಳೆಯ ಕಾಲದಿಂದ ಕೆಲಸ ಮಾಡಿದ ಯಾರಾದರೂ ಮೈಕ್ ಹಿಡಿದು ಹೇಳಲಿ. ಫೋಟೋ ನಿಂತಿರಲಿ, ಅವರು ಮುಗಿಸಿದ ಮೇಲೆ ಒಂದು ಬಟನ್ ಒತ್ತಿದರೆ ಮುಂದಿನದು. ಸೆಕೆಂಡಿನ ಗೊಡವೆಯೇ ಇಲ್ಲ.

ಕುಂದವಾಡ ಕೆರೆ ವಾಕರ್

ಹಳಬರಿಗೆ ಮೈಕ್ ಕೊಟ್ಟು 5 ನಿಮಿಷದಲ್ಲಿ ವಾಪಸ್ ಪಡೆದವರನ್ನು ನಾನಿನ್ನೂ ನೋಡಿಲ್ಲ.

ಹೊಳಲ್ಕೆರೆ ಮೇಷ್ಟ್ರು

ಈ ಮಾತು ನನಗೇ ಹೇಳಿದ ಹಾಗಿದೆ.

ಆದರೂ ಆ ಹುಡುಗಿ ಹೇಳಿದ್ದರಲ್ಲಿ ಅರ್ಥ ಇದೆ. ನನಗೆ ಬರಹ ಓದುವುದಕ್ಕಿಂತ ಯಾರಾದರೂ ಹೇಳಿದರೆ ಹಿತ.

ದುರ್ಗದ ಮಿಕ್ಸಿಂಗ್ ರೂಮ್

ನನ್ನ ಅನುಭವದಲ್ಲಿ ಮೈಕ್ ಹಿಡಿದವರು ಮೂರನೇ ಫೋಟೋದಲ್ಲೇ ನಿಂತುಬಿಡುತ್ತಾರೆ. ಹಾಡಿನ ವಿಷಯ ಮಾತ್ರ ನಿಜ. ಬರಹ ಇರುವ ಕಡೆ ಸಾಹಿತ್ಯ ಇಲ್ಲದ ವಾದ್ಯ ಸಂಗೀತ ಹಾಕಿದರೆ ಓದು ಸಲೀಸು. ಹಾಡೇ ಬೇಕು ಅಂದರೆ, ಪಲ್ಲವಿ ಚರಣದ ನಡುವೆ ವಾದ್ಯ ಮಾತ್ರ ಬರುತ್ತಲ್ಲ, ಮುಖ್ಯವಾದ ಬರಹಗಳನ್ನು ಅಲ್ಲಿಗೆ ಬರುವ ಹಾಗೆ ಜೋಡಿಸಿ.

ದುರ್ಗದ ಹುಡುಗಿ ಈಗ ಬೆಂಗಳೂರಲ್ಲಿ

ನಾನು ಒಪ್ಪಲ್ಲ, ಆದರೂ ಸರಿ 🙂

ಮಂಡಕ್ಕಿ ಮಿರ್ಚಿ

ಮೇ ತಿಂಗಳಲ್ಲಿ ಸಾಲುಗಟ್ಟಿ ಬರುತ್ತವೆ ಅಂದರಲ್ಲ, ಯಾಕೆ ಅಂತ ಹೇಳಲೇ ಇಲ್ಲ.

ಹೊಳಲ್ಕೆರೆ ಮೇಷ್ಟ್ರು

ಅದನ್ನು ನಾನು ಹೇಳುತ್ತೇನೆ. ನಮ್ಮ ಕಾಲದಲ್ಲಿ ಹುಟ್ಟಿದ ದಿನ ಯಾರಿಗೆ ನೆನಪಿತ್ತು? ಶಾಲೆಗೆ ಸೇರಿಸುವಾಗ ಮೇಷ್ಟ್ರೇ ಜೂನ್ 1 ಅಂತ ಬರೆದುಕೊಳ್ಳುತ್ತಿದ್ದರು. ತಿಂಗಳ ಒಂದನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ 60 ತುಂಬಿ ನಿವೃತ್ತರಾಗಬೇಕು. ಹಾಗಾಗಿ ಅರ್ಧ ಊರು ಮೇ 31ಕ್ಕೆ ಮನೆಗೆ. ನಾನೂ ಅದೇ ಗುಂಪು.

ವಿದ್ಯಾನಗರದ ಹುಡುಗಿ

ನಮ್ಮ ಮೇಡಂ ಕೂಡ ಜೂನ್ 1! ಅವರ ಅಮ್ಮ ಹೇಳುವ ಪ್ರಕಾರ ಹುಟ್ಟಿದ್ದು ದೀಪಾವಳಿ ಹತ್ತಿರವಂತೆ.

ಮೂರು ದಿನ ಆದಮೇಲೆ ಬಂದು ಬರೆಯುತ್ತಿದ್ದೇನೆ. 48 ಫೋಟೋಗೆ ಇಳಿಸಿದೆ, ಫೇಡ್ ನಾಲ್ಕು ಕಡೆ ಬಿಟ್ಟು ಎಲ್ಲ ತೆಗೆದೆ, ಬರಹ ಮೇಲಕ್ಕೆ ಹೋಯಿತು. ನಿನ್ನೆ ರಾತ್ರಿ ಅಮ್ಮನನ್ನು ಲ್ಯಾಪ್‌ಟಾಪ್‌ನಿಂದ ಐದೂವರೆ ಅಡಿ ದೂರ ಕೂರಿಸಿ, ಬರಹ ಬಂದಾಗೆಲ್ಲ ಗಟ್ಟಿಯಾಗಿ ಓದಮ್ಮ ಅಂದೆ. 18ರಲ್ಲಿ 16 ಓದಿ ಮುಗಿಸಿದರು. ಸಿಕ್ಕಿಕೊಂಡ ಎರಡರಲ್ಲಿ ಒಂದು "ಪ್ರಥಮ ದರ್ಜೆ ಸಹಾಯಕರಾಗಿ ಬಡ್ತಿ, ಹರಿಹರ". ಅದನ್ನು "ಬಡ್ತಿ ಸಿಕ್ಕಿತು, ಹರಿಹರ" ಅಂತ ಮಾಡಿದೆ.

ಇನ್ನೊಂದು ಕತ್ತರಿಸಲು ಮನಸ್ಸು ಬರುತ್ತಿಲ್ಲ. ಮೇಡಂ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದ ಜವಾನರೊಬ್ಬರು ಎರಡು ವರ್ಷದ ಹಿಂದೆ ತೀರಿಕೊಂಡರು. ಇಬ್ಬರೂ ಕಚೇರಿ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿರುವ ಫೋಟೋ ಅದು. ನಾನು ನಾಲ್ಕು ಸಾಲು ಬರೆದಿದ್ದೆ.

ದುರ್ಗದ ಮಿಕ್ಸಿಂಗ್ ರೂಮ್

ಅವರ ಹೆಸರು ಮಾತ್ರ ಬರೆಯಿರಿ. ಫೋಟೋ ಹತ್ತು ಸೆಕೆಂಡು ನಿಲ್ಲಲಿ. ಮುಂದಿನ ಒಂದು ಫೋಟೋ ತೆಗೆದರೆ ಹಾಡಿನ ಲೆಕ್ಕ ಸರಿಹೋಗುತ್ತೆ.

ಸಿರಿಗೆರೆ ಕ್ರಾಸ್

ಹತ್ತು ಸಾಲದು ಅನ್ನಿಸುತ್ತೆ. ಮೇಡಂ ಮುಂದಿನ ಸಾಲಲ್ಲೇ ಕೂತಿರುತ್ತಾರೆ.

ವಿದ್ಯಾನಗರದ ಹುಡುಗಿ

ಹನ್ನೆರಡು ಇಟ್ಟೆ. ಎರಡು ಫೋಟೋ ತೆಗೆದೆ. ಎರಡರಲ್ಲೂ ನಾನೇ ಇದ್ದೆ, ಬೇಜಾರು ಮಾಡಿಕೊಳ್ಳುವವರು ಯಾರೂ ಇಲ್ಲ.

ಕುಂದವಾಡ ಕೆರೆ ವಾಕರ್

ಎಲ್ಲ ಸರಿ. ಊಟ ಎಷ್ಟು ಗಂಟೆಗೆ ಅಂತ ಇನ್ನೂ ಹೇಳಲಿಲ್ಲ.